ದೊಡ್ಡಪ್ಪ ಉಗಿದು ತರಿಸಿದ ಚಾನೆಲ್ಲು

ನಮ್ಮ ದೊಡ್ಡಪ್ಪನಿಗೆ ಲೋಕದಲ್ಲಿ ಎಲ್ಲವೂ ಗೊತ್ತು, ಇನ್ನೊಬ್ಬರ ಮಾತು ಕೇಳುವುದೊಂದನ್ನು ಬಿಟ್ಟು. ಮನೆಯಿಂದ ಹೊರಡುವ ಮೊದಲು ಡಿಶ್ ಬಾಕ್ಸಿನ ಪ್ಲಗ್ ಕೀಳುತ್ತಾರೆ. ಯಂತ್ರಕ್ಕೂ ವಿಶ್ರಾಂತಿ ಬೇಕಂತೆ. ದೊಡ್ಡಮ್ಮನಿಗೆ ಬೇಕೇ ಎಂದು ಮಾತ್ರ ಒಂದು ದಿನವೂ ಕೇಳಿದವರಲ್ಲ.

ಮೊನ್ನೆ ಹಾಗೆಯೇ ಪ್ಲಗ್ ಕಿತ್ತು ಹೋಗಿ ರೀಚಾರ್ಜ್ ಮಾಡಿಸಿ ಬಂದರು. ಟಿವಿ ಹಾಕಿದರೆ, ‘ಈ ಚಾನೆಲ್‌ಗೆ ನೀವು ಚಂದಾದಾರರಲ್ಲ’ ಎಂಬ ಬರಹ. ಅಂಗಡಿಯವನಿಗೆ ಫೋನ್ ಮಾಡಿದರು.

“ರಿಫ್ರೆಶ್ ಸಿಗ್ನಲ್ ಕಳಿಸ್ತೀನಿ ಸಾರ್. ಬಾಕ್ಸ್ ಆನ್ ಇದ್ರೇನೇ ಅದು ತಗೊಳ್ಳೋದು. ದಯವಿಟ್ಟು ಆಫ್ ಮಾಡ್ಬೇಡಿ” ಎಂದ ಅವನು.

“ನಂಗೇ ಹೇಳಿಕೊಡ್ತಾನೆ!” ಎಂದ ದೊಡ್ಡಪ್ಪ, ಮತ್ತೆ ಪ್ಲಗ್ ಕಿತ್ತು, ಅವನ ಜನ್ಮ ಜಾಲಾಡಲು ಚಪ್ಪಲಿ ಮೆಟ್ಟಿ ಹೊರಟರು.

ಅವರು ಗೇಟು ದಾಟುತ್ತಲೇ ದೊಡ್ಡಮ್ಮ ಪ್ಲಗ್ ಸಿಕ್ಕಿಸಿ, ಬಾಕ್ಸ್ ಆನ್ ಮಾಡಿ ಕೂತರು. ಅತ್ತ ಅಂಗಡಿಯವನು ಬೈಗುಳ ತಡೆಯಲಾರದೆ ಮತ್ತೊಮ್ಮೆ ಸಿಗ್ನಲ್ ಕಳಿಸಿದ. ಸ್ವಲ್ಪ ಹೊತ್ತಿಗೆಲ್ಲ ಚಾನೆಲ್ಲುಗಳು ಬಂದವು.

ದೊಡ್ಡಪ್ಪ ಯುದ್ಧ ಗೆದ್ದವರಂತೆ ಮರಳಿದರು. “ನೋಡಿದ್ಯೇನೇ? ಹೋಗಿ ಉಗಿದೆ, ಬಂತು!”

ದೊಡ್ಡಮ್ಮ ಟಿವಿಯಿಂದ ಕಣ್ಣು ಕೀಳಲಿಲ್ಲ. “ಹೂಂ ರೀ. ನೀವು ಆಚೆ ಹೋಗಿದ್ದೇ ತಡ, ಬಂದ್ಬಿಡ್ತು.”