ನಾಲ್ಕೂವರೆ ಬಸ್ಸಿನ ಶುಭರಾತ್ರಿ

ಯಾರಾದರೂ 'ಶುಭರಾತ್ರಿ' ಅಂದರೆ ನನಗೆ ಡೀಸೆಲ್ ವಾಸನೆ ನೆನಪಾಗುತ್ತದೆ. ಏನು ಮಾಡಲಿ, ನನ್ನ ಪಾಲಿನ ಶುಭರಾತ್ರಿಗಳೆಲ್ಲ ಬಸ್ಸಿನಲ್ಲೇ ಬಂದವು.

ಎಪ್ಪತ್ತರ ದಶಕದ ಮಾತು. ಮದುವೆಯಾಗಿ ನಾಲ್ಕು ತಿಂಗಳು. ನಮ್ಮವರಿಗೆ ಬೀಚನಹಳ್ಳಿಯಲ್ಲಿ ಅಣೆಕಟ್ಟೆಯ ಕೆಲಸ. ನಾನು ಹೆಗ್ಗಡದೇವನಕೋಟೆಯಲ್ಲಿ ಟೀಚರು. ಅವರು ಬರುತ್ತಿದ್ದುದು ಶನಿವಾರ ಮಾತ್ರ. ಬೀಚನಹಳ್ಳಿ ಶಾಲೆಗೆ ವರ್ಗ ಕೇಳಿ ಅರ್ಜಿ ಬರೆದಿಟ್ಟಿದ್ದೆ, ಸಹಿ ಹಾಕಿರಲಿಲ್ಲ. ವಾರಕ್ಕೊಮ್ಮೆ ಬಂದಾಗಲೂ ಮಾತಿಗೆ ತಡಕಾಡುವ ಈ ಮನುಷ್ಯನ ಜೊತೆ ದಿನಾ ಹೇಗಪ್ಪಾ ಬಾಳುವುದು ಎಂಬ ಹೆದರಿಕೆ ನನಗಿತ್ತು.

ಉಳಿದ ದಿನ ಅವರು ಕಂಡಕ್ಟರ್ ಕೈಲಿ ಚೀಟಿ ಕಳಿಸುತ್ತಿದ್ದರು, ನಾನು ಮಲಗುವ ಮುಂಚೆ ಓದಲಿ ಎಂದು. ಬಸ್ಸು ಹೊರಡುವುದು ನಾಲ್ಕೂವರೆಗೆ. ರಾತ್ರಿಯ ಮಾತನ್ನು ಬಿಸಿಲಲ್ಲಿ ಕೂತು ಬರೆಯಬೇಕು. ಪಾಪ, ಯಾವುದೋ ಪತ್ರಲೇಖನದ ಪುಸ್ತಕದ ಮೊರೆ ಹೋದರು. "ಪ್ರಿಯೆ, ಈ ಬೆಳದಿಂಗಳಲ್ಲಿ ನಿನ್ನ ಮೊಗವೇ ಕಾಣುತಿದೆ" ಎಂಬ ಚೀಟಿಯನ್ನು ಕೊಡುತ್ತ ಕಂಡಕ್ಟರ್ ಗಂಭೀರವಾಗಿ, "ಟೀಚರಮ್ಮ, ಇವತ್ತು ಅಮಾಸೆ ಕಣ್ರವ್ವ" ಅಂದ. ಮುಖ ಎಲ್ಲಿಟ್ಟುಕೊಳ್ಳಲಿ?

"ಪುಸ್ತಕದ್ದು ಬ್ಯಾಡ ಕಣ್ರೀ, ನಿಮ್ಮ ಮಾತು ಬರೀರಿ" ಅಂದೆ ಶನಿವಾರ. ಸರಿ, ಮುಂದಿನ ಚೀಟಿ: "ಸುಸ್ತು. ನಿದ್ದೆ. ಶುಭರಾತ್ರಿ." ಮಧ್ಯಾಹ್ನ ನಾಲ್ಕಕ್ಕೇ ನಿದ್ದೆ! ಅದಕ್ಕೂ ಮುನಿಸಿಕೊಂಡೆ. ಆಮೇಲಿನದು: "ನನ್ನನ್ನು ಎಷ್ಟು ಸಲ ನೆನೆದೆ? ಬೆಳಗಿನ ಬಸ್ಸಿಗೆ ಉತ್ತರ ಬರದಿದ್ದರೆ ಊಟ ಸೇರದು." ದಿನವೆಲ್ಲ ಮಕ್ಕಳಿಗೆ ಪ್ರಶ್ನೆ ಕೇಳಿ ಬಂದವಳಿಗೆ ಇದೊಂದು ಪರೀಕ್ಷೆ. ಯಾವುದಕ್ಕೂ ಉತ್ತರ ಬರೆಯಲಿಲ್ಲ.

ಬೆಟ್ಟದಪುರದ ನನ್ನಜ್ಜಿಗೆ ಶುಭರಾತ್ರಿ ಎಂಬ ಪದವೇ ಗೊತ್ತಿರಲಿಲ್ಲ. "ತಲೆದೆಸೆಗೆ ನೀರು ಮಡಿಕ್ಕಂಡ್ಯಾ? ಸರಿ, ಮನೀಕೊ ಮಗ" ಅನ್ನುತ್ತಿದ್ದಳು. ಅಷ್ಟಕ್ಕೇ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಈ ಮಾತನ್ನು ಇನ್ನೊಂದು ಶನಿವಾರ ಸುಮ್ಮನೆ ಅವರಿಗೆ ಹೇಳಿದ್ದೆ.

ಮುಂದಿನ ಗುರುವಾರದ ಚೀಟಿಯ ಎರಡೂ ಮಗ್ಗುಲು ತುಂಬಿದ್ದವು.

"ಜಯಾ, ಇವತ್ತು ಸಿಮೆಂಟು ಲಾರಿ ಬರಲಿಲ್ಲ, ನಿಧಾನಕ್ಕೆ ಬರೀತಿದೀನಿ. ಹೊಳೇಲಿ ಒಂದು ನೀರುನಾಯಿ ಮೀನು ತಿಂದು, ಬಲು ಅಚ್ಚುಕಟ್ಟಾಗಿ ಮುಖ ಉಜ್ಜಿಕೊಂಡು ಹೋಯ್ತು. ನೀನು ಸ್ಕೂಲಿಂದ ಬಂದು ಸೀಮೆಸುಣ್ಣದ ಕೈ ತೊಳೆಯೋದು ನೆನಪಾಯ್ತು. ಇದನ್ನ ಓದೋ ಹೊತ್ತಿಗೆ ನೀನು ಲಾಟೀನು ಸಣ್ಣ ಮಾಡಿರ್ತೀಯ. ಹಿತ್ತಲ ಕದದ ಚಿಲಕ ಸಡಿಲ ಐತಲ್ಲ, ಶನಿವಾರ ಸರಿ ಮಾಡ್ತೀನಿ. ಅಲ್ಲೀವರ್ಗೂ ಗುಂಡುಕಲ್ಲು ಒತ್ತಿಡು. ಉತ್ತರ ಬ್ಯಾಡ. ಮನೀಕೊ."

ಎರಡು ಸಲ ಓದಿದೆ. ಕದಕ್ಕೆ ಕಲ್ಲು ಒತ್ತಿಟ್ಟೆ. ಲಾಟೀನು ಸಣ್ಣ ಮಾಡಿದವಳು ಮತ್ತೆ ದೊಡ್ಡದು ಮಾಡಿ ಅರ್ಜಿಗೆ ಸಹಿ ಹಾಕಿದೆ. ಬೇಡವೆಂದವರಿಗೆ ಮೊದಲ ಸಲ ಉತ್ತರವನ್ನೂ ಬರೆದೆ: "ವರ್ಗಕ್ಕೆ ಅರ್ಜಿ ಕೊಡ್ತಿದೀನಿ. ಇನ್ನು ಚಿಲಕ ರಿಪೇರಿ ಬೇಡ."

ಶನಿವಾರ ಮೊಳೆ, ಸುತ್ತಿಗೆ ಹಿಡಿದೇ ಬಂದರು. "ಯಾಕ್ರೀ, ಬೇಡ ಅಂದಿದ್ನಲ್ಲ" ಅಂದೆ.

"ವರ್ಗದ ಆರ್ಡರು ಬರೋಗಂಟ ನೀನು ಮನೀಕಬ್ಯಾಡವಾ?" ಅಂದರು.