ಕಂಡಕ್ಟರಕ್ಕ ಚೆಲ್ಲಿದ ನೀರು

ಮೊನ್ನೆ ನಂಜನಗೂಡಿನ ಮಾರ್ಕೆಟ್ಟಿನಲ್ಲಿ ಸೊಪ್ಪಿನವಳು ಕೇಳದೆಯೇ ನನ್ನ ಚೀಲಕ್ಕೆ ಒಂದು ಕಟ್ಟು ಸಬ್ಬಸಿಗೆ ತುರುಕಿದಳು. ಕೊಸರಂತೆ. ಮನೆಗೆ ಬಂದು ಚೀಲ ಬಿಚ್ಚಿದ್ದೇ ತಡ, ಅಡುಗೆಮನೆಯೆಲ್ಲ ಅದೇ ವಾಸನೆ. ಸಬ್ಬಸಿಗೆ, ಜೊತೆಗೆ ಹುರಿದ ಬೆಳ್ಳುಳ್ಳಿ... ನನ್ನ ಬಾಣಂತನ ಪೂರ್ತಿ ಎದ್ದು ಬಂದು ಎದುರು ಕೂತಿತು. ಬಾಣಂತನ ನೆನೆದರೆ ಹೆಂಗಸರಿಗೆ ಕಣ್ಣು ತುಂಬಿ ಬರುತ್ತದೆ ಅನ್ನುತ್ತಾರೆ. ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಉರಿಯ ನಡುವೆ ಹಾಯೆನ್ನಿಸುವಂತೆ ನೆನಪಾಗುವವಳು ಒಬ್ಬಳೇ. ತಿ. ನರಸೀಪುರದಲ್ಲಿ ನಮ್ಮ ತವರಿನ ಪಕ್ಕದ ಮನೆಯಲ್ಲಿದ್ದ ಕಂಡಕ್ಟರಕ್ಕ.

ಅವಳು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದಳು. ಮನೆಯಲ್ಲಿ ಮಾತಾಡಿದರೂ ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುವ ಗಂಟಲು. ಫುಟ್‌ಬೋರ್ಡಿನ ಮೇಲೆ ನೇತಾಡುವ ಹುಡುಗರಿಂದ ಹಿಡಿದು ಮಹಿಳೆಯರ ಸೀಟಿನಲ್ಲಿ ನಿದ್ದೆ ನಟಿಸುವ ಗಂಡಸರವರೆಗೆ ಎಲ್ಲರೂ ಅವಳ ಬಾಯಿಗೆ ಹೆದರುತ್ತಿದ್ದರು. ನಮ್ಮಮ್ಮನಂತೂ "ಹೆಣ್ಣಾಗಿ ಅಷ್ಟು ಗಂಟಲು ಯಾಕೆ" ಎಂದು ಗೊಣಗುತ್ತಲೇ ಅವಳ ಮನೆಗೆ ಹುರುಳಿ ಸಾರು ಕಳಿಸುತ್ತಿದ್ದಳು.

ಚೊಚ್ಚಲ ಹೆರಿಗೆಗೆ ನಾನು ತವರಿಗೆ ಬಂದೆ. ಅದಕ್ಕೆ ಮುಂಚೆ ನಂಜನಗೂಡಿನ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು. ನಾನು ತರಗತಿಗೆ ಕಾಲಿಟ್ಟರೆ ಹಿಂದಿನ ಬೆಂಚೂ ನೆಟ್ಟಗೆ ಕೂರುತ್ತಿತ್ತು. ಹೆರಿಗೆ ನೋವು ಇಡೀ ದಿನ ಎಳೆದಾಡಿ, ಕೊನೆಗೆ ಇಕ್ಕಳ ಹಾಕಿ ಮಗುವನ್ನು ತೆಗೆದರು. ಕೆಳಗೆ ಹೊಲಿಗೆ ಬಿತ್ತು. ಮಗಳು ದುಂಡಗಿದ್ದಳು, ಎಲ್ಲರೂ ಅವಳನ್ನೇ ನೋಡಿದರು. ಅದೇನೂ ತಪ್ಪಲ್ಲ ಬಿಡಿ. ಆದರೆ ಆಮೇಲೆ ನನ್ನ ಕಡೆ ತಿರುಗಿದವರೆಲ್ಲ ನನ್ನ ಹೊಟ್ಟೆಯನ್ನು ನೋಡಿದರೇ ಹೊರತು ನನ್ನನ್ನಲ್ಲ.

ಹೊಟ್ಟೆ ಇಳಿಯಲೆಂದು ಅಮ್ಮ ದಿನಾ ಬೆಳಿಗ್ಗೆ ನೀರು ಹಾಕಿದ ಮೇಲೆ ಹಳೇ ಹತ್ತಿ ಸೀರೆಯನ್ನು ಪಟ್ಟಿ ಮಾಡಿ, ಎದೆ ಕೆಳಗಿಂದ ಸೊಂಟದವರೆಗೆ ಸುತ್ತಿ ಬಿಗಿಯುತ್ತಿದ್ದಳು. ಕೊನೇ ಸುತ್ತಿಗೆ ಮಂಡಿ ಊರಿ ಎಳೆಯುತ್ತಿದ್ದಳು. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ನೀರು ಕುಡಿಯುವಂತಿಲ್ಲ, ಕುಡಿದರೆ ಹೊಟ್ಟೆ ಬರುತ್ತದಂತೆ. ಸೊಪ್ಪಿನ ಊಟದ ಜೊತೆ ಒಂದು ಗುಟುಕು ಬಿಸಿನೀರು, ಅಷ್ಟೇ. ಹಾಲು ಕುಡಿಸುವವಳಿಗೆ ಆಗುವ ದಾಹ ಹೇಗಿರುತ್ತದೆಂದು ಕುಡಿಸಿದವರಿಗೇ ಗೊತ್ತು. ಉರಿಮೂತ್ರ ಶುರುವಾಯಿತು, ಮಲಬದ್ಧತೆ ಆಯಿತು, ಹೊಲಿಗೆ ಹಾಕಿದ ಜಾಗದ ಮೇಲೆ ಮುಕ್ಕಿ ಮುಕ್ಕಿ ಕಣ್ಣಲ್ಲಿ ನೀರು ಬರುತ್ತಿತ್ತು. ಹೇಳಿದರೆ, "ನಾವೆಲ್ಲ ಹಿಂಗೇ ಕಣ್ ಮಗಾ, ಹೆತ್ತಿದ್ದು" ಎನ್ನುವ ಉತ್ತರ ಸಿದ್ಧವಾಗಿರುತ್ತಿತ್ತು.

ಇನ್ನೊಂದು ಸಂಗತಿಯನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಸೀನಿದರೆ, ಕೆಮ್ಮಿದರೆ, ಮಗುವನ್ನು ಎತ್ತಿಕೊಂಡು ಏಳುವಾಗ, ನನಗೆ ಗೊತ್ತಾಗುವಷ್ಟರಲ್ಲಿ ಮೂತ್ರ ಜಾರಿಬಿಡುತ್ತಿತ್ತು. ಮಗುವಿನ ಬಟ್ಟೆಗಳ ನಡುವೆ ನನ್ನ ಲಂಗವನ್ನೂ ಬಚ್ಚಿಟ್ಟು ಒಗೆಯುತ್ತಿದ್ದೆ. ಬಾಚಣಿಗೆ ತುಂಬ ಕೂದಲು, ಹೊಟ್ಟೆ ಮೇಲೆ ನೇರಳೆ ಗೆರೆಗಳು, ಕನ್ನಡಿಯಲ್ಲಿ ಯಾರೋ ಹೆಂಗಸು. ಮಗು ಅತ್ತರೆ ಎದೆಯಿಂದ ಹಾಲು ತಾನಾಗಿ ಸುರಿಯುತ್ತಿತ್ತು, ನಾನು ಮಾತ್ರ ಎಲ್ಲೋ ದೂರದಲ್ಲಿ ಕೂತು ನೋಡುತ್ತಿರುವ ಹಾಗೆ... ಹೀಗಿದ್ದವಳು ಮತ್ತೆ ಬೋರ್ಡಿನ ಮುಂದೆ ನಿಲ್ಲುವುದು ಹೇಗೆ? ಕೆಲಸ ಬಿಟ್ಟುಬಿಡಲಿ ಎಂದು ಗಂಡನ ಮನೆಯವರು ಆಗಲೇ ಹೇಳಿಯಾಗಿತ್ತು. ನಾನೂ ಒಳಗೊಳಗೇ ಒಪ್ಪಿದ್ದೆ. ಅವರು ಮಗುವಿಗಾಗಿ ಅಂದರು, ನಾನು ನಾಚಿಕೆಗಾಗಿ ಒಪ್ಪಿದೆ.

ಮೂರನೇ ತಿಂಗಳಲ್ಲಿ ನಾಮಕರಣ. ಮದುವೆಯ ರವಿಕೆ ಹುಕ್ಕೇ ಕೂರಲಿಲ್ಲ, ಸೆರಗು ಮುಚ್ಚಿಕೊಂಡು ಚಾಪೆಯ ಮೇಲೆ ಕೂತೆ. ಗಂಡನ ಸೋದರತ್ತೆ ತುಂಬಿದ ಮನೆಯಲ್ಲಿ ಕೇಳಿದರು: "ಏನವ್ವ, ಇನ್ನೊಂದ್ನ ಒಳ್ಗೇ ಬಿಟ್ಕಂಡು ಬಂದಿದ್ದೀಯಾ?" ಎಲ್ಲರೂ ನಕ್ಕರು. ಗಂಡನೂ ನಕ್ಕ. ಮರ್ಯಾದೆಗೆಂದು ನಾನೂ ನಕ್ಕೆ. ಅಷ್ಟರಲ್ಲಿ ಯಾರೋ ತೊಟ್ಟಿಲಿಗೆ ಹಿಡಿದ ಸಾಂಬ್ರಾಣಿ ಹೊಗೆ ಮೂಗಿಗೆ ಹೊಕ್ಕಿತು, ಕೆಮ್ಮು ಹತ್ತಿಕೊಂಡಿತು, ನಿಲ್ಲಲೇ ಇಲ್ಲ. ಸೀರೆ ಒದ್ದೆಯಾಯಿತು. ಕೆಳಗಿನ ಚಾಪೆಯೂ ಒದ್ದೆ. ಅದೇ ಹೊತ್ತಿಗೆ ಫೋಟೋದವನು, ತಾಯಿ ಎದ್ದು ತೊಟ್ಟಿಲ ಹತ್ತಿರ ನಿಲ್ಲಲಿ ಎಂದ. ನಾನು ಏಳಲಿಲ್ಲ. ಅಮ್ಮ ಕಣ್ಣು ಬಿಟ್ಟಳು, ನನ್ನತ್ತೆ ಹುಬ್ಬೇರಿಸಿದರು.

ಬಾಗಿಲ ಬಳಿ ನಿಂತಿದ್ದ ಕಂಡಕ್ಟರಕ್ಕ ನನ್ನನ್ನೊಮ್ಮೆ, ಚಾಪೆಯನ್ನೊಮ್ಮೆ ನೋಡಿದಳು. ಊಟದ ಪಂಕ್ತಿಗಿಟ್ಟಿದ್ದ ನೀರಿನ ಜಗ್ ಎತ್ತಿಕೊಂಡು ಬಂದವಳೇ ಮುಕ್ಕಾಲುಪಾಲು ನನ್ನ ಮಡಿಲಿಗೆ ಸುರಿದಳು. "ಅಯ್ಯೋ ನನ್ ಕೈಗಿಷ್ಟು! ಜಾರೇ ಓಯ್ತಲ್ಲ!" ಎಂದು ಆ ಗಂಟಲಲ್ಲಿ ಕೂಗಿ, ಎಲ್ಲರ ಬೈಗುಳವನ್ನೂ ತಾನೇ ತಿಂದು, ನನ್ನನ್ನು ಕೋಣೆಗೆ ಎಳೆದುಕೊಂಡು ಹೋಗಿ ಚಿಲಕ ಹಾಕಿದಳು.

ಸೀರೆ ಬಿಚ್ಚಿದಾಗ ಹೊಟ್ಟೆಯ ಕಟ್ಟು ಕಂಡಿತು. ಅವಳ ಮುಖ ಕೆಂಪಾಯಿತು. "ಇದೇನ್ ಒಟ್ಟೆನಾ, ಮೂಟೆನಾ ಇಂಗ್ ಬಿಗ್ದಿರಾದು?" ಎನ್ನುತ್ತಾ ಗಂಟು ಬಿಚ್ಚಿ ಬಿಸಾಕಿದಳು. ಜಗ್ಗಿನಲ್ಲಿ ಉಳಿದಿದ್ದ ನೀರನ್ನು ಲೋಟಕ್ಕೆ ಬಗ್ಗಿಸಿ ಕುಡಿಸಿದಳು. ನಾನು ಅಳುತ್ತಿದ್ದೆ. ಅವಳು ಸಮಾಧಾನ ಮಾಡಲಿಲ್ಲ, ತನ್ನ ಸೆರಗು ಸರಿಸಿ ತನ್ನ ಹೊಟ್ಟೆ ತೋರಿಸಿದಳು. ಸಡಿಲವಾಗಿ ಮಡಿಕೆ ಬಿದ್ದ ಚರ್ಮ, ಬೆಳ್ಳಗೆ ಮಾಸಿದ ಗೆರೆಗಳು.

"ನೋಡು. ನಂಗೂ ಎಲ್ರೂ ವಾಪಸ್ ಓಯ್ತದೆ ಅಂದ್ರು, ಓಗ್ಲಿಲ್ಲ. ಮೊದ್ಲಿನವ್ಳು ಬತ್ತಾಳೆ ಅಂತ ಕಾದೆ, ಬರ್ಲಿಲ್ಲ. ಓದ್ ಬಸ್ಸಿಗೆ ಕೈ ಅಡ್ಡ ಆಕ್ತಾ ನಿಂತಿದ್ರೆ ಊರ್ ಸೇರಕ್ಕಾಯ್ತದಾ? ಈಗ ಇರೋಳ್ನ ನೋಡ್ಕೋ. ಆದ್ರೆ ಉಚ್ಚೆ ಜಾರಾದು ಮಾತ್ರ ಇರೋದೇ ಅನ್ಕಂಡು ಸುಮ್ನಿರ್ಬೇಡ. ನಾನ್ ಸುಮ್ನಿದ್ದು ಕೆಟ್ಟೆ ಕಣವ್ವ."

ಅವಳದೂ ಅದೇ ಕಥೆ. ಹೆರಿಗೆಯಾದ ಮೇಲೆ ಡ್ಯೂಟಿಗೆ ಹೋದವಳು ಬಸ್ ಕುಲುಕಿದಾಗೆಲ್ಲ ಜಾರುತ್ತದೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ವರ್ಷಗಟ್ಟಲೆ ಹಾಗೇ ನಡೆಸಿ, ಈಗ ಗರ್ಭಕೋಶವೇ ಕೆಳಗೆ ಜಾರಿತ್ತು. ನೂರು ಜನರ ಬಸ್ಸಿನಲ್ಲಿ ಗದರುವ ಹೆಂಗಸು ಇದನ್ನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ಮುಂದಿನ ವಾರದ ರಜೆಯಲ್ಲಿ, ಅಮ್ಮ ಬೇಡವೆಂದರೂ ನನ್ನನ್ನೂ ಮಗುವನ್ನೂ ಮೈಸೂರಿನ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಮೂತ್ರ ಪರೀಕ್ಷೆ ಮಾಡಿಸಿ ಸೋಂಕಿಗೆ ಮಾತ್ರೆ ಕೊಟ್ಟರು, ಬಾಯಾರಿದಷ್ಟೂ ನೀರು ಕುಡಿಯಲು ಹೇಳಿದರು. ಮಂಡಿ ಮಡಿಸಿ ಮಲಗಿಸಿ ತಲೆ ಎತ್ತಿಸಿದರು. ಹೊಕ್ಕುಳ ಮೇಲೆ ಅವರ ಬೆರಳುಗಳು ಒಳಗಿಳಿದವು. ಗರ್ಭ ಬೆಳೆಯುವಾಗ ಹೊಟ್ಟೆಯ ನಡುವಿನ ಸ್ನಾಯುಗಳು ಎರಡು ಪಕ್ಕಕ್ಕೆ ಸರಿಯುತ್ತವಂತೆ. ನನ್ನವು ಇನ್ನೂ ಕೂಡಿರಲಿಲ್ಲ. ಹಿತವೆನಿಸಿದರೆ ಬಟ್ಟೆಯನ್ನು ಸಡಿಲವಾಗಿ ಸುತ್ತಿಕೊಳ್ಳಬಹುದು, ಆದರೆ ಉಸಿರುಗಟ್ಟುವ ಹಾಗೆ ಬಿಗಿದರೆ ಹೊಟ್ಟೆ ಕರಗುವುದಿಲ್ಲ, ಒತ್ತಡವೆಲ್ಲ ಕೆಳಗಿಳಿದು, ಮೊದಲೇ ಸೋತ ಸ್ನಾಯುಗಳ ಮೇಲೆ ಬೀಳುತ್ತದೆ ಎಂದರು.

ಆ ಕೆಳಗಿನ ಸ್ನಾಯುಗಳ ವ್ಯಾಯಾಮವನ್ನು ಫಿಸಿಯೋಥೆರಪಿಯ ಹುಡುಗಿ ಕಲಿಸಿದಳು. ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆಯುವ ಹಾಗೆ ಒಳಗಿನಿಂದ ಮೇಲಕ್ಕೆ ಎಳೆದುಕೊಳ್ಳಬೇಕು. ತೊಡೆ ಬಿಗಿಯಬಾರದು, ಉಸಿರು ಹಿಡಿಯಬಾರದು, ಆಮೇಲೆ ಪೂರ್ತಿ ಸಡಿಲ ಬಿಡಬೇಕು. ಕೆಮ್ಮು ಬರುವ ಮುಂಚೆ, ಮಗುವನ್ನು ಎತ್ತುವ ಮುಂಚೆ ಹಾಗೆ ಎಳೆದುಕೊಳ್ಳಬೇಕು. ವಾರದಲ್ಲಿ ಆಗುವ ಕೆಲಸವಲ್ಲ, ತಿಂಗಳುಗಳು ಹಿಡಿಯುತ್ತವೆ ಎಂದಳು.

ಡಾಕ್ಟರಮ್ಮ ಇನ್ನೂ ಕೇಳಿದರು. ಅಳು ಬರುತ್ತದಾ? ಮಗು ಮಲಗಿದಾಗಲೂ ನಿದ್ದೆ ಬರುವುದಿಲ್ಲವಾ? ನಿಮಗೆ ನೀವೇ ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿದೆಯಾ? ಹೆರಿಗೆಯಾದ ಒಂದೆರಡು ವಾರ ಅಳು ಸಾಮಾನ್ಯ, ಆಮೇಲೂ ಬಿಡದಿದ್ದರೆ ಅದಕ್ಕೆ ಚಿಕಿತ್ಸೆ ಇದೆ, ಅದು ತಾಯಿಯ ಕೊರತೆಯಲ್ಲ ಅಂದರು. ಆಪ್ತಸಮಾಲೋಚಕಿಯ ಬಳಿ ಕಳಿಸಿದರು. ಅಲ್ಲಿ ಕೂತು, ನನಗೆ ನನ್ನ ಹಳೇ ಬದುಕು ಬೇಕು ಎಂದು ಮೊದಲ ಸಲ ಜೋರಾಗಿ ಹೇಳಿದೆ. ಹಾಗೆ ಹೇಳಿದ್ದಕ್ಕೆ ಆಕಾಶ ಕಳಚಿ ಬೀಳಲಿಲ್ಲ. ಮಗಳ ಮೇಲಿನ ಪ್ರೀತಿ ಆಮೇಲೆ ನಿಧಾನವಾಗಿ ಬಂತು, ಒಂದು ದಿನ ಇದ್ದಕ್ಕಿದ್ದಂತೆ ಅಲ್ಲ...

ಮನೆಗೆ ಬಂದು ಅಮ್ಮನ ಮೇಲೆ ಹರಿಹಾಯ್ದೆ. ಎಲ್ಲ ಕೇಳಿಸಿಕೊಂಡು ಅಮ್ಮ ಸಣ್ಣ ದನಿಯಲ್ಲಿ, "ನಂಗೂ ಜಾರ್ತದೆ. ನೀನ್ ಹುಟ್ದಾಗಿಂದ" ಎಂದಳು. ಗೋಡೆಯ ಆಚೆ ಒಬ್ಬಳು, ಈಚೆ ಒಬ್ಬಳು, ಮಡಿಲಿನ ಒದ್ದೆ ಮುಚ್ಚಿಕೊಂಡು ಆಯಸ್ಸು ಸವೆಸಿದ್ದರು! ಬಸುರಿಗೆ ಹೂ ಮುಡಿಸಿ ಸೀಮಂತ ಮಾಡುವ ಜನಕ್ಕೆ ಇಷ್ಟು ಹೇಳಲು ನಾಲಿಗೆಗೆ ಏನಾಗಿತ್ತು?

ನಾನು ಕೆಲಸ ಬಿಡಲಿಲ್ಲ. ಹೊಸ ಅಳತೆಗೆ ರವಿಕೆ ಹೊಲಿಸಿಕೊಂಡೆ, ಹಳೆಯವನ್ನು ತಂಗಿಗೆ ಕೊಟ್ಟೆ. ಬೋರ್ಡಿನ ಮುಂದೆ ನಿಂತೆ. ಜಾರುವುದು ಬಹುಪಾಲು ನಿಂತಿತು, ಜೋರು ನೆಗಡಿಯಾದಾಗ ಮಾತ್ರ ಈಗಲೂ ಎಚ್ಚರ. ಹೊಟ್ಟೆ ಮೊದಲಿನ ಹಾಗಾಗಲಿಲ್ಲ. ಹಿಂದಿನ ಬೆಂಚು ಈಗಲೂ ನೆಟ್ಟಗೆ ಕೂರುತ್ತದೆ, ಆದರೆ ಬಾತ್‌ರೂಮಿಗೆ ಹೋಗಬೇಕೆಂದು ಕೈ ಎತ್ತಿದ ಹುಡುಗಿಯನ್ನು ನಾನೀಗ ಗದರುವುದಿಲ್ಲ. ಕನ್ನಡಿಯೊಳಗಿನ ಈ ಹೊಸಬಳ ಜೊತೆ ಜಗಳವಾಡುತ್ತಲೇ ರಾಜಿಯಾಯಿತು.

ಕಂಡಕ್ಟರಕ್ಕನಿಗೆ ಗರ್ಭಕೋಶದ ಆಪರೇಷನ್ ಆಗಬೇಕಿತ್ತು. ನಾನು ಹೇಳಿದಾಗಲೆಲ್ಲ ಒಂದೊಂದು ನೆಪ. ಮಗಳ ಮದುವೆ ಆಗ್ಲಿ, ಮಗಳ ಬಾಣಂತನ ಮುಗೀಲಿ. ಹೋದ ತಿಂಗಳು ಡ್ಯೂಟಿ ಮುಗಿಸಿ ಬಂದವಳು ಎದೆನೋವೆಂದು ಕೂತಳು, ಆಸ್ಪತ್ರೆ ಸೇರುವ ಮುಂಚೆಯೇ ಹೋಗಿಬಿಟ್ಟಳು.

ಹನ್ನೊಂದರ ದಿನ ಅವಳ ಮನೆಯ ಜಗಲಿಯಲ್ಲಿ ಗಂಡಸರು ಅವಳನ್ನು ಹೊಗಳುತ್ತಿದ್ದರು. ಗಟ್ಟಿಗಿತ್ತಿ, ಒಂದು ದಿನ ನೋವು ಅಂದವಳಲ್ಲ, ಅಂತ. ನನಗೆ ತಡೆಯಲಾಗಲಿಲ್ಲ. ನೋವಿತ್ತು, ನಿಮ್ಮ ಮನೆಗಳಲ್ಲಿ ಹೇಳುವ ಹಾಗಿರಲಿಲ್ಲ ಅಷ್ಟೇ ಎಂದೆ. ಅವರು ತಲೆ ತಗ್ಗಿಸಲಿಲ್ಲ, ಈ ಟೀಚರಿಗೆ ಯಾಕೆ ಊರ ಉಸಾಬರಿ ಎನ್ನುವ ಹಾಗೆ ನೋಡಿದರು.

ಅಡುಗೆಮನೆಗೆ ಹೋದೆ. ಅವಳ ಮಗಳು ಆರು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು ನನ್ನ ಹಿಂದೆಯೇ ಬಂದು ಬಾಗಿಲು ಮುಚ್ಚಿದಳು. ನನ್ನ ಕಡೆ ನೋಡದೆ ಕೇಳಿದಳು: "ಅಕ್ಕಾ, ನೀವ್ ಜಗಲೀಲಿ ನೋವಿತ್ತು ಅಂದ್ರಲ್ಲ, ಅಮ್ಮಂಗೂ ಇಂಗೇ ಉಚ್ಚೆ ಜಾರ್ತಿತ್ತಾ? ನಂಗೊಬ್ಳಿಗೇ ಅನ್ಕಂಡಿದ್ದೆ..."

ನನ್ನ ಮಡಿಲ ಮೇಲೆ ಜಗ್ ನೀರು ಸುರಿದವಳು ತನ್ನ ಮಗಳಿಗೆ ಒಂದು ಮಾತು ಹೇಳಿರಲಿಲ್ಲ. ಅವಳಿಲ್ಲ ಎಂಬ ಸಂಕಟದಷ್ಟೇ ಅವಳ ಮೇಲೆ ಸಿಟ್ಟೂ ಇದೆ. ಅದನ್ನು ತೀರಿಸಿಕೊಳ್ಳಲು ಅವಳೇ ಇಲ್ಲ. ನಾಳೆ ಶಾಲೆಗೆ ರಜೆ ಹಾಕಿದ್ದೇನೆ. ಅವಳ ಮಗಳನ್ನು ಮೈಸೂರಿಗೆ ಕರೆದುಕೊಂಡು ಹೋಗಬೇಕು.