ಜಗದಾಂಬಕ್ಕನ ವಾಟರ್ ಸರ್ವಿಸ್

ಭದ್ರಾವತಿಯ ಹಳೇ ನಗರದಲ್ಲಿ ಜಗದಾಂಬಕ್ಕನ ವಾಟರ್ ಸರ್ವಿಸ್ ಅಂದರೆ ಒಂದು ತಗಡಿನ ಚಪ್ಪರ, ಎರಡು ಬಕೆಟ್, ಒಂದು ಮಗ್ಗು. ಬೈಕು ತೊಳೆಸಲು ಬಂದವರು ಸಾಲಿನಲ್ಲಿ ನಿಲ್ಲಬೇಕು, ಯಾರ ಶಿಫಾರಸೂ ನಡೆಯದು. ಇಂಜಿನ್ ತಣ್ಣಗಾಗುವ ತನಕ ಆಕೆ ನೀರು ಮುಟ್ಟುತ್ತಿರಲಿಲ್ಲ. ಆಮೇಲೆ ಸ್ವಿಚ್ಚುಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಮೇಲಿನಿಂದ ಮಗ್ಗಿನಲ್ಲಿ ನೀರು ಹೊಯ್ಯುವಳು. ಚಕ್ರದ ನಡುವಿಗೆ ಮಾತ್ರ ಒದ್ದೆ ಬಟ್ಟೆ. "ಬೇರಿಂಗಿಗೆ ನೀರು ನುಗ್ಗಿದ್ರೆ ಗ್ರೀಸ್ ತೊಳ್ಕೊಂಡು ಹೋಗುತ್ತೆ ಮಾರಾಯ," ಎನ್ನುವಳು.

ಕಬ್ಬಿಣದ ಕಾರ್ಖಾನೆಯಲ್ಲಿದ್ದ ಗಂಡ ಕೊಟ್ರಬಸಪ್ಪ ತೀರಿಕೊಂಡ ಮೇಲೆ ಶುರುಮಾಡಿದ ಕೆಲಸವಿದು. ತುಕ್ಕಿನ ಬುದ್ಧಿ ಆತನಿಂದಲೇ ತಿಳಿದದ್ದಂತೆ. ಕ್ರೋಮಿನ ಮೇಲೆ ಚುಕ್ಕೆ ಕಂಡರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಒದ್ದೆ ಮಾಡಿ ಮೆಲ್ಲಗೆ ಉಜ್ಜುವಳು. ಪೂರ್ತಿ ಒಣಗಿಸಿ ಒರೆಸಿದ ಮೇಲೆ ಎಣ್ಣೆ ಬಟ್ಟೆಯಿಂದ ನಟ್ಟು ಬೋಲ್ಟುಗಳನ್ನು ತೆಳ್ಳಗೆ ಸವರುವಳು. ಟೈರಿಗೂ ಬ್ರೇಕಿಗೂ ಎಣ್ಣೆ ತಾಗಕೂಡದು.

ಒಂದು ಬೈಕಿಗೆ ಇಷ್ಟು ಉಪಚಾರ ಯಾಕೆಂದು ನನಗೆ ಸಿಟ್ಟು. ನನ್ನದು ಮೊದಲೇ ಮೂಗಿನ ತುದಿಯ ಕೋಪ. ತೊಂಬತ್ತೆಂಟರ ಒಂದು ಭಾನುವಾರ ಸಾಲು ಬಿಟ್ಟು ಹೊರಟೆ. "ಬಕೆಟ್ ಸ್ನಾನ ಎಮ್ಮೆಗೆ ಮಾಡಿಸು," ಎಂದೂ ಅಂದೆ. ಎದುರಿಗೆ ಹೊಸದಾಗಿ ಬಂದ ಪ್ರೆಷರ್ ಪಂಪಿನವನು ಐದೇ ನಿಮಿಷದಲ್ಲಿ ಇಂಜಿನ್ ಸಂದುಗೊಂದಿಗೆಲ್ಲ ನೀರು ಹೊಡೆದ. ಬೈಕು ಕೆಮ್ಮುತ್ತ ಮನೆ ಸೇರಿತು.

ಮರುದಿನ ಹತ್ತಕ್ಕೆ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ನನ್ನ ಹೆಂಡತಿ ತನುಜಾಳ ಇಂಟರ್‌ವ್ಯೂ. ಲೈಬ್ರರಿ ಕೆಲಸ, ಎರಡು ವರ್ಷ ಕಾದು ಬಂದ ಕರೆ. ಬೈಕಿದೆಯಲ್ಲ ಎಂದು ನಾನೇ ಬಸ್ಸು ಬೇಡವೆಂದಿದ್ದೆ. ಎಷ್ಟು ಕಿಕ್ ಹೊಡೆದರೂ ಬೈಕು ಜಪ್ಪಯ್ಯ ಅನ್ನಲಿಲ್ಲ. ತನುಜಾ ಗಡಿಯಾರ ನೋಡಿದಳು. ನನಗೆ ಭಯವಾಯಿತು.

ಒಂಬತ್ತು ಗಂಟೆಗೆ ತನುಜಾಳೊಂದಿಗೆ ಬೈಕು ತಳ್ಳಿಕೊಂಡು ಜಗದಾಂಬಕ್ಕನ ಮುಂದೆ ನಿಂತೆ. ನಿನ್ನೆ ಅಂದ ಎಮ್ಮೆಯ ಮಾತು ನನಗೇ ಚುಚ್ಚುತ್ತಿತ್ತು.

ಆಕೆ ಇಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಎಳೆದು ಬಗ್ಗಿಸಿದಳು. ನೀರು ತೊಟ್ಟಿಕ್ಕಿತು. ಪ್ಲಗ್ಗಿನ ಸುತ್ತ ನಿಂತಿದ್ದ ನೀರನ್ನು ಬಟ್ಟೆಯಲ್ಲಿ ಹೀರಿಸಿ, ಪ್ಲಗ್ ಬಿಚ್ಚಿ ಒರೆಸಿ, ಕ್ಯಾಪಿನೊಳಗೆ ಒಣಬಟ್ಟೆ ತಿರುವಿ ಮತ್ತೆ ಹಾಕಿದಳು.

"ಹೊಡಿ."

ಮೂರನೇ ಕಿಕ್ಕಿಗೆ ಬೈಕು ಸ್ಟಾರ್ಟ್ ಆಯಿತು. ತನುಜಾ ಹಿಂದೆ ಹತ್ತಿ ಕೂತಳು.

"ಬ್ರೇಕಿಗೂ ನೀರು ಹೋಗಿರುತ್ತೆ. ನಿಧಾನಕ್ಕೆ ಹೋಗ್ತಾ ಮೆಲ್ಲಗೆ ಹಿಡ್ಕೊಂಡು ಒಣಗಿಸ್ಕೊ. ಹಿಂದೆ ಕೂತಿರೋಳು ನಿನ್ನ ಹೆಂಡ್ತಿ."

ಹತ್ತಕ್ಕೆ ಐದು ನಿಮಿಷವಿರುವಾಗ ಮುಟ್ಟಿದೆವು. ಕೆಲಸ ತನುಜಾಳಿಗೇ ಸಿಕ್ಕಿತು.

ಮುಂದಿನ ಭಾನುವಾರ ಬೆಳಗಾಗುವ ಮೊದಲೇ ಹೋಗಿ ಸಾಲಿನ ಮೊದಲಿಗೆ ನಿಂತೆ. ಜಗದಾಂಬಕ್ಕ ನನ್ನನ್ನು ನೋಡಿ ಬೆರಳು ತೋರಿಸಿದಳು. "ಕೊನೇಲಿ ನಿಲ್ಲು."

ಬೈಕು ಹಿಂದೆ ತಳ್ಳಿದೆ. ಬೀಡಿಯನ್ನೂ ಸೇದದ ನನ್ನ ಜೇಬಿನಲ್ಲಿ, ವಾರವೆಲ್ಲ ಅಂಗಡಿಗಳ ಮುಂದೆ ಆರಿಸಿದ ಇಪ್ಪತ್ತು ಬೆಳ್ಳಿ ಕಾಗದಗಳಿದ್ದವು. ನನ್ನ ಸರದಿ ಬಂದಾಗ ಕೊಟ್ಟೆ. ಆಕೆ ಒಂದನ್ನು ಒದ್ದೆ ಮಾಡಿ ನನ್ನ ಕೈಗೇ ಇಟ್ಟಳು.

"ಉಜ್ಜು. ಎಮ್ಮೆ ಅನ್ಕೊಂಡು ಉಜ್ಜು."